ಎಷ್ಟು ಸಲ ಅಲ್ಲ, ಎಷ್ಟು ಬಗೆ

ಹುಬ್ಬಳ್ಳಿಯಲ್ಲಿ ಚಟ್ನಿಪುಡಿ, ಹಪ್ಪಳ ಮಾಡಿ ನಾಲ್ಕು ಊರಿಗೆ ಕಳಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳಿ. ತಿಂಗಳ ಕೊನೆಗೆ ಬಿಲ್ಲುಗಳೆಲ್ಲ ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಕೂತಿರುತ್ತವೆ. ಬೆಳಗಾವಿಗೆ ಎಷ್ಟು ಬಿಲ್ಲು ಹೋಯಿತು, ಎಷ್ಟು ಪ್ಯಾಕೆಟ್ ಹೋಯಿತು ಎಂಬುದು ಕ್ಷಣದಲ್ಲಿ ಸಿಗುತ್ತದೆ. ‘ಬೆಳಗಾವಿಯಲ್ಲಿ ನಮ್ಮ ಎಷ್ಟು ಬಗೆಯ ಮಾಲು ಓಡುತ್ತಿದೆ?’ ಎಂದು ಕೇಳಿದರೆ ಮಾತ್ರ ಲೆಕ್ಕ ಬರೆಯುವವರು ಸ್ವಲ್ಪ ತಡೆಯುತ್ತಾರೆ. ಒಂದೇ ಮಾಲು ಐದು ಬಿಲ್ಲಿನಲ್ಲಿ ಬಂದಿದ್ದರೂ ಅದು ಒಂದೇ ಬಗೆ. ಸಾಲು ಎಣಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಮೈಕ್ರೋಸಾಫ್ಟ್ 2018ರಲ್ಲಿ ಪ್ರಕಟಿಸಿದ ‘ಡೈನಮಿಕ್ ಅರೇ’ ಫಂಕ್ಷನ್‌ಗಳು ಈ ಪ್ರಶ್ನೆಯನ್ನು ಬಹಳ ಹಗುರ ಮಾಡಿವೆ. ಅವುಗಳಲ್ಲಿ ನಮಗೆ ಬೇಕಾದವು ಎರಡೇ, `FILTER` ಮತ್ತು `UNIQUE`. ಹಿಂದೆಲ್ಲ ಒಂದು ಸೂತ್ರ ಒಂದು ಸೆಲ್‌ಗೆ ಒಂದು ಉತ್ತರ ಕೊಡುತ್ತಿತ್ತು. ಇವು ಇಡೀ ಪಟ್ಟಿಯನ್ನೇ ಕೊಡುತ್ತವೆ. ಸೂತ್ರ ಬರೆದ ಸೆಲ್‌ನಿಂದ ಕೆಳಕ್ಕೆ ಆ ಪಟ್ಟಿ ತಾನಾಗಿ ಹರಡಿಕೊಳ್ಳುತ್ತದೆ.

ಲೆಕ್ಕ ಕಣ್ಣಿಗೆ ಕಾಣುವಷ್ಟು ಚಿಕ್ಕದಾಗಿರಲಿ ಎಂದು ಹನ್ನೆರಡೇ ಸಾಲು ಇಟ್ಟುಕೊಳ್ಳೋಣ. ಮೊದಲ ಸಾಲಿನಲ್ಲಿ ತಲೆಬರಹ ಇರುವುದರಿಂದ ಮಾಹಿತಿ 2ನೇ ಸಾಲಿನಿಂದ ಶುರುವಾಗುತ್ತದೆ.

| ಸಾಲು | A: ಪ್ರದೇಶ | B: ಉತ್ಪನ್ನ | C: ಪ್ಯಾಕೆಟ್ |
|---|---|---|---|
| 2 | ಬೆಳಗಾವಿ | ಶೇಂಗಾ ಚಟ್ನಿ | 40 |
| 3 | ಮೈಸೂರು | ಸಾರಿನ ಪುಡಿ | 25 |
| 4 | ಬೆಳಗಾವಿ | ಗುರೆಳ್ಳು ಚಟ್ನಿ | 30 |
| 5 | ಮಂಗಳೂರು | ಸಾರಿನ ಪುಡಿ | 20 |
| 6 | ಬೆಳಗಾವಿ | ಶೇಂಗಾ ಚಟ್ನಿ | 35 |
| 7 | ಮೈಸೂರು | ಹಪ್ಪಳ | 50 |
| 8 | ಮೈಸೂರು | ಸಾರಿನ ಪುಡಿ | 15 |
| 9 | ಮಂಗಳೂರು | ಹಪ್ಪಳ | 60 |
| 10 | ಬೆಳಗಾವಿ | ಹಪ್ಪಳ | 45 |
| 11 | ಮೈಸೂರು | ಶೇಂಗಾ ಚಟ್ನಿ | 10 |
| 12 | ಬೆಳಗಾವಿ | ಗುರೆಳ್ಳು ಚಟ್ನಿ | 25 |
| 13 | ಮಂಗಳೂರು | ಸಾರಿನ ಪುಡಿ | 30 |

E ಕಾಲಂನಲ್ಲಿ, E2ರಿಂದ E5ರವರೆಗೆ, ಬೆಳಗಾವಿ, ಮೈಸೂರು, ಮಂಗಳೂರು, ಕಲಬುರಗಿ ಎಂದು ಬರೆದುಕೊಳ್ಳಿ. ಈ ತಿಂಗಳು ಕಲಬುರಗಿಗೆ ಏನೂ ಹೋಗಿಲ್ಲ. ಆ ಊರನ್ನು ಬೇಕೆಂದೇ ಸೇರಿಸಿದ್ದೇನೆ, ಕಾರಣ ಮುಂದೆ ಗೊತ್ತಾಗುತ್ತದೆ.

ಸೂತ್ರವನ್ನು ಒಂದೇ ಏಟಿಗೆ ಬರೆಯದೆ, ಖಾಲಿ ಜಾಗವೊಂದರಲ್ಲಿ ಒಳಗಿನಿಂದ ಹೊರಕ್ಕೆ ಕಟ್ಟುತ್ತ ಬರುವುದು ಒಳ್ಳೆಯದು. ಮೊದಲು ಬೆಳಗಾವಿಯ ಸಾಲುಗಳನ್ನಷ್ಟೇ ಬೇರ್ಪಡಿಸಬೇಕು.

```
=FILTER($B$2:$B$13,$A$2:$A$13=E2)
```

ಇದು B ಕಾಲಂನ ಹೆಸರುಗಳಲ್ಲಿ, ಅದೇ ಸಾಲಿನ A ಕಾಲಂ E2ಕ್ಕೆ ಸಮವಾಗಿರುವವನ್ನು ಮಾತ್ರ ಆರಿಸಿ ಕೊಡುತ್ತದೆ. ಬೆಳಗಾವಿಗೆ ಐದು ಹೆಸರು ಬರುತ್ತವೆ. ಶೇಂಗಾ ಚಟ್ನಿ ಎರಡು ಸಲ, ಗುರೆಳ್ಳು ಚಟ್ನಿ ಎರಡು ಸಲ, ಹಪ್ಪಳ ಒಂದು ಸಲ. ಇದರ ಹೊರಗೆ `UNIQUE` ಸುತ್ತಿದರೆ ಮರುಕಳಿಸಿದ ಹೆಸರುಗಳು ಒಂದೊಂದಾಗಿ ಉಳಿದು, ಪಟ್ಟಿ ಮೂರಕ್ಕೆ ಇಳಿಯುತ್ತದೆ. ಆ ಪಟ್ಟಿಯಲ್ಲಿ ಎಷ್ಟು ಸಾಲಿದೆ ಎಂದು `ROWS` ಹೇಳುತ್ತದೆ. ಇದನ್ನು F2ರಲ್ಲಿ ಬರೆಯಿರಿ.

```
=ROWS(UNIQUE(FILTER($B$2:$B$13,$A$2:$A$13=E2)))
```

ಉತ್ತರ 3. ಕೆಳಕ್ಕೆ ಎಳೆದರೆ ಮೈಸೂರಿಗೆ 3, ಮಂಗಳೂರಿಗೆ 2 ಬರುತ್ತದೆ. ಡಾಲರ್ ಚಿಹ್ನೆ ಹಾಕಿದ್ದರಿಂದ ಎಳೆಯುವಾಗ A ಮತ್ತು B ವ್ಯಾಪ್ತಿ ಕದಲುವುದಿಲ್ಲ, E2 ಮಾತ್ರ E3, E4 ಎಂದು ಮುಂದೆ ಸರಿಯುತ್ತದೆ.

ಇನ್ನು ಕಲಬುರಗಿ. ಅಲ್ಲಿ `#CALC!` ಎಂಬ ದೋಷ ಕಾಣುತ್ತದೆ. `FILTER`ಗೆ ಒಂದು ಸಾಲೂ ಸಿಗದಿದ್ದಾಗ ಅದು ಖಾಲಿ ಪಟ್ಟಿ ಕೊಡಲಾರದು, ಹಾಗಾಗಿ ಈ ದೋಷ. ಇದು ನೋಡಲು ಚೆಂದವಿಲ್ಲ, ಆದರೆ ಸುಳ್ಳನ್ನೂ ಹೇಳುತ್ತಿಲ್ಲ. ಸುಳ್ಳು ಹೇಳುವುದು ಇದೇ ಸೂತ್ರದ ಇನ್ನೊಂದು ರೂಪ. ಬಹಳ ಜನ ಎಣಿಕೆಗೆ `ROWS` ಬದಲು `COUNTA` ಬಳಸುತ್ತಾರೆ. ಬೆಳಗಾವಿ, ಮೈಸೂರು, ಮಂಗಳೂರಿಗೆ ಎರಡೂ ಒಂದೇ ಉತ್ತರ ಕೊಡುತ್ತವೆ. ಕಲಬುರಗಿಗೆ ಬಂದಾಗ `COUNTA` 1 ಎನ್ನುತ್ತದೆ. ಖಾಲಿಯಲ್ಲದ ಏನಿದ್ದರೂ ಎಣಿಸುವುದು ಅದರ ಕೆಲಸ. ಒಳಗಿನಿಂದ ಬಂದ ದೋಷವೂ ಅದರ ಲೆಕ್ಕದಲ್ಲಿ ಒಂದು ವಸ್ತುವೇ. ಏನೂ ಮಾರದ ಊರಿಗೆ ಒಂದು ಬಗೆ ಮಾಲು ಹೋಗಿದೆ ಎಂದು ವರದಿ ಹೇಳುತ್ತದೆ, ಎಲ್ಲೂ ಎಚ್ಚರಿಕೆ ಕಾಣುವುದಿಲ್ಲ. ಈ ಲೆಕ್ಕದಲ್ಲಿ ನಾನು ಅತಿ ಹೆಚ್ಚು ಭಯಪಡುವ ತಪ್ಪು ಇದೇ. ನಿಮ್ಮ ಹಳೆಯ ಹಾಳೆಗಳಲ್ಲಿ `COUNTA(UNIQUE(FILTER(` ಎಂದಿದ್ದರೆ, 1 ಎಂದು ಬಂದಿರುವ ಪ್ರತಿ ಸಾಲನ್ನೂ ಮತ್ತೊಮ್ಮೆ ನೋಡಿ.

ಕಲಬುರಗಿಗೆ ಸೊನ್ನೆ ಬರಬೇಕೆಂದರೆ ಸೂತ್ರವನ್ನು `IFERROR` ಒಳಗೆ ಇಡಬೇಕು.

```
=IFERROR(ROWS(UNIQUE(FILTER($B$2:$B$13,$A$2:$A$13=E2))),0)
```

ಇದನ್ನು ಕೊನೆಯ ಹೆಜ್ಜೆಯಾಗಿ ಮಾತ್ರ ಹಾಕಿ. `IFERROR` ಎಲ್ಲ ದೋಷಗಳನ್ನೂ ಒಂದೇ ರೀತಿ ಮುಚ್ಚುತ್ತದೆ. ಫಂಕ್ಷನ್ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದರೂ ಸೊನ್ನೆಯೇ ಬರುತ್ತದೆ. ಒಳಗಿನ ಸೂತ್ರ ಸರಿಯಾಗಿ ನಡೆಯುವುದನ್ನು ಕಣ್ಣಾರೆ ನೋಡಿದ ಮೇಲೆ ಅದನ್ನು ಸುತ್ತಿದರೆ ಭಯವಿಲ್ಲ.

ಪ್ರದೇಶಗಳ ಪಟ್ಟಿಯನ್ನು ಕೈಯಾರೆ ಬರೆಯಲು ಹೇಳಿದ್ದಕ್ಕೂ ಕಲಬುರಗಿಯೇ ಕಾರಣ. `=UNIQUE(A2:A13)` ಎಂದು ಬರೆದರೆ ಊರುಗಳ ಪಟ್ಟಿ ತಾನೇ ಬರುತ್ತದೆ, ಬಹಳ ಜನ ಹಾಗೆಯೇ ಮಾಡುತ್ತಾರೆ. ಆದರೆ ಬಿಲ್ಲೇ ಆಗದ ಊರು ಆ ಪಟ್ಟಿಗೆ ಬರುವುದೇ ಇಲ್ಲ. ವ್ಯಾಪಾರ ನಿಂತ ಊರು ವರದಿಯಿಂದಲೂ ಮಾಯವಾದರೆ, ಮೊದಲು ಕಾಣಬೇಕಾದ ಸಂಗತಿಯೇ ಕಾಣದೆ ಹೋಗುತ್ತದೆ.

ಸೂತ್ರ ಸರಿಯಿದ್ದೂ ಉತ್ತರ ತಪ್ಪಾಗುವುದು ಹೆಚ್ಚಾಗಿ ಹೆಸರುಗಳಿಂದ. ಒಬ್ಬರು ‘ಶೇಂಗಾ ಚಟ್ನಿ’ ಎಂದು ಬರೆದು, ಇನ್ನೊಬ್ಬರು ‘ಶೇಂಗಾ ಚಟ್ಣಿ’ ಎಂದು ಬರೆದರೆ ಎಕ್ಸೆಲ್‌ಗೆ ಅವು ಎರಡು ಮಾಲು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಯಾದರೆ `UNIQUE` ಅದನ್ನು ಗಣಿಸುವುದಿಲ್ಲ, ಆದರೆ ಕಾಗುಣಿತ ಬೇರೆಯಾದರೆ ಬಿಡುವುದಿಲ್ಲ. ಹೆಸರಿನ ಕೊನೆಯಲ್ಲಿ ಉಳಿದ ಸ್ಪೇಸ್ ಇನ್ನೂ ಕಷ್ಟ, ಏಕೆಂದರೆ ಅದು ಕಾಣುವುದೇ ಇಲ್ಲ. ಇದನ್ನು ಹಿಡಿಯಲು `LEN` ಇದೆ. ‘ಹಪ್ಪಳ’ ಎಂಬುದಕ್ಕೆ ಅದು 5 ಎನ್ನುತ್ತದೆ. ನಮಗೆ ಮೂರೇ ಅಕ್ಷರ ಕಂಡರೂ, ಒತ್ತಕ್ಷರವನ್ನು ಕಂಪ್ಯೂಟರು ಬಿಡಿಸಿ ಹ, ಪ, ವಿರಾಮ, ಪ, ಳ ಎಂದು ಇಟ್ಟುಕೊಂಡಿರುತ್ತದೆ. ಇನ್ನೊಂದು ಸಾಲಿನ ‘ಹಪ್ಪಳ’ಕ್ಕೆ 6 ಬಂದರೆ ಅಲ್ಲಿ ಏನೋ ಹೆಚ್ಚಿಗೆ ಸೇರಿದೆ ಎಂದೇ ಅರ್ಥ. ಮೊದಲ, ಕೊನೆಯ ಸ್ಪೇಸುಗಳನ್ನು `TRIM` ತೆಗೆಯುತ್ತದೆ. ಸೂತ್ರದೊಳಗೆ `$B$2:$B$13` ಇರುವಲ್ಲಿ `TRIM($B$2:$B$13)` ಎಂದು ಬರೆದರೆ ಸಾಕು. ಊರಿನ ಹೆಸರಿನ ಪಕ್ಕ ಸ್ಪೇಸ್ ಉಳಿದಿದ್ದರೆ ಆ ಸಾಲು ಯಾವ ಊರಿಗೂ ಸೇರದೆ ಬಿಟ್ಟುಹೋಗುತ್ತದೆ, ಆದ್ದರಿಂದ A ಕಾಲಂಗೂ ಇದೇ ಉಪಚಾರ ಬೇಕು. ಕಾಗುಣಿತದ ವ್ಯತ್ಯಾಸಕ್ಕೆ ಮಾತ್ರ ಸೂತ್ರದಲ್ಲಿ ಮದ್ದಿಲ್ಲ. ಮೂಲ ಹಾಳೆಯಲ್ಲೇ ತಿದ್ದಬೇಕು, ಇಲ್ಲವೇ ಪ್ರತಿ ಮಾಲಿಗೆ ಒಂದು ಕೋಡ್ ಕೊಟ್ಟು ಆ ಕೋಡನ್ನೇ ಎಣಿಸಬೇಕು. ಮಾಲು ಇಪ್ಪತ್ತು ದಾಟಿದ ಮೇಲೆ ಕೋಡೇ ಸರಿ ಎಂಬುದು ನನ್ನ ಅಭಿಪ್ರಾಯ.

ಉತ್ಪನ್ನದ ಸೆಲ್ ಖಾಲಿ ಬಿಟ್ಟಿದ್ದರೆ ಆ ಖಾಲಿಯೂ ಒಂದು ಬಗೆಯಾಗಿ ಎಣಿಕೆಗೆ ಸೇರುತ್ತದೆ. ಮಾರಿದ ಮಾಲು ವಾಪಸು ಬಂದದ್ದನ್ನು ಋಣ ಸಂಖ್ಯೆಯಲ್ಲಿ ಬರೆಯುವ ರೂಢಿ ಹಲವು ಕಡೆ ಇದೆ, ಆ ಸಾಲೂ ಸೇರಿಬಿಡುತ್ತದೆ. ಎರಡನ್ನೂ ಹೊರಗಿಡಲು `FILTER` ಷರತ್ತುಗಳನ್ನು ಗುಣಾಕಾರದಿಂದ ಜೋಡಿಸಬೇಕು. ಗುಣಿಸಿದಾಗ ಎಲ್ಲ ಷರತ್ತೂ ಒಟ್ಟಿಗೆ ಒಪ್ಪಿದ ಸಾಲು ಮಾತ್ರ ಉಳಿಯುತ್ತದೆ.

```
=FILTER($B$2:$B$13,($A$2:$A$13=E2)
 *($B$2:$B$13<>"")*($C$2:$C$13>0))
```

ಕಳಿಸಿದ್ದಷ್ಟೂ ವಾಪಸು ಬಂದ ಮಾಲನ್ನು ಇದೂ ಹಿಡಿಯಲಾರದು. ಮಾರಾಟದ ಸಾಲು ಧನ ಸಂಖ್ಯೆಯಾಗಿಯೇ ಇರುವುದರಿಂದ ಅದು ಉಳಿದುಕೊಳ್ಳುತ್ತದೆ. ನಿವ್ವಳ ಮಾರಾಟ ಬೇಕಾದವರು ಮೊದಲು ಊರು, ಮಾಲಿನ ಪ್ರಕಾರ ಮೊತ್ತ ಹಾಕಿ, ಆಮೇಲೆ ಎಣಿಸಬೇಕು.

`UNIQUE`ಗೆ ಮೂರನೆಯ ಆಯ್ಕೆಯೊಂದಿದೆ, ಅದಕ್ಕೆ `TRUE` ಕೊಟ್ಟರೆ ಒಂದೇ ಒಂದು ಸಲ ಬಂದ ಹೆಸರುಗಳು ಮಾತ್ರ ಉಳಿಯುತ್ತವೆ. ಬೆಳಗಾವಿಗೆ ಆಗ ಹಪ್ಪಳವೊಂದೇ ಸಿಗುತ್ತದೆ. ನಮ್ಮ ಪ್ರಶ್ನೆಗೆ ಅದು ಬೇಡ, ಖಾಲಿ ಬಿಡಿ.

ಮುಂದಿನ ತಿಂಗಳು 14ನೇ ಸಾಲಿನಿಂದ ಹೊಸ ಬಿಲ್ಲು ಸೇರಿದರೆ ಮೇಲಿನ ಸೂತ್ರಗಳು ಅದನ್ನು ನೋಡುವುದಿಲ್ಲ, ಅವುಗಳ ವ್ಯಾಪ್ತಿ 13ಕ್ಕೇ ನಿಲ್ಲುತ್ತದೆ. ಮಾಹಿತಿಯ ಮೇಲೆ ನಿಂತು `Ctrl+T` ಒತ್ತಿ ಅದನ್ನು ಟೇಬಲ್ ಮಾಡಿಕೊಂಡು, ಟೇಬಲ್‌ನ ಕಾಲಂ ಆರಿಸಿ ಸೂತ್ರ ಬರೆದರೆ ಹೊಸ ಸಾಲುಗಳೂ ತಾವಾಗಿ ಸೇರುತ್ತವೆ. ಪಟ್ಟಿಯಾಗಿ ಹರಡುವ ಸೂತ್ರವನ್ನು ಮಾತ್ರ ಟೇಬಲ್ ಒಳಗೆ ಬರೆಯಬೇಡಿ. ಅಲ್ಲಿ ಅದಕ್ಕೆ ಹರಡಲು ಅವಕಾಶವಿಲ್ಲ, `#SPILL!` ಎಂದು ನಿಲ್ಲುತ್ತದೆ. ಹರಡುವ ದಾರಿಯಲ್ಲಿ ಬೇರೇನಾದರೂ ಬರೆದಿದ್ದರೂ ಇದೇ ದೋಷ ಬರುತ್ತದೆ.

ಈ ಫಂಕ್ಷನ್‌ಗಳು ಮೈಕ್ರೋಸಾಫ್ಟ್ 365ರಲ್ಲಿ, ಎಕ್ಸೆಲ್ 2021ರಲ್ಲಿ ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇವೆ. ಲಿಬ್ರೆ ಆಫೀಸ್‌ಗೆ 24.8ರಲ್ಲಿ ಬಂದವು. ಎಕ್ಸೆಲ್ 2016, 2019ರಲ್ಲಿ ಇಲ್ಲ. ಅಲ್ಲಿ ಈ ಹಾಳೆ ತೆರೆದರೆ ಫಂಕ್ಷನ್ ಹೆಸರಿನ ಮುಂದೆ `_xlfn.` ಎಂದು ಸೇರಿರುತ್ತದೆ, ಮರುಲೆಕ್ಕ ಆದೊಡನೆ `#NAME?` ಬರುತ್ತದೆ. ಅಂಥವರಿಗೆ ಹಳೆಯ ದಾರಿ ಇದೆ.

```
=SUMPRODUCT(($A$2:$A$13=E2)/
 COUNTIFS($A$2:$A$13,$A$2:$A$13,$B$2:$B$13,$B$2:$B$13))
```

ಇದರ ಯುಕ್ತಿ ಸುಂದರವಾಗಿದೆ. ಬೆಳಗಾವಿಯ ಶೇಂಗಾ ಚಟ್ನಿ ಎರಡು ಸಲ ಬಂದಿರುವುದರಿಂದ ಪ್ರತಿ ಸಾಲಿಗೂ ಅರ್ಧ ಅಂಕ, ಎರಡೂ ಸೇರಿ ಒಂದು. ಗುರೆಳ್ಳು ಚಟ್ನಿಗೂ ಹಾಗೆಯೇ ಒಂದು, ಹಪ್ಪಳಕ್ಕೆ ಪೂರ್ತಿ ಒಂದು. ಒಟ್ಟು 3. ಆದರೆ ಪ್ರತಿ ಸಾಲಿಗೂ ಇಡೀ ಹಾಳೆಯನ್ನು ಮತ್ತೆ ಓದುವುದರಿಂದ ಸಾಲು ಸಾವಿರಗಟ್ಟಲೆ ಆದಾಗ ಇದು ನಿಧಾನವಾಗುತ್ತದೆ. ಯಾವ ಸಾಲಿಗೆ ಎಷ್ಟು ಅಂಕ ಬಿತ್ತು ಎಂದು ಬಿಡಿಸಿ ನೋಡುವುದೂ ಕಷ್ಟ. ಹೊಸ ದಾರಿಯಲ್ಲಿ ಪಟ್ಟಿಯನ್ನೇ ತೆರೆದು ನೋಡಬಹುದು. ಅದಕ್ಕೇ ನಾನು ಹೊಸದರ ಪರ.

ಕೊನೆಗೆ, ಊರುಗಳ ಕೆಳಗೆ ‘ಒಟ್ಟು’ ಎಂದು ಬರೆಯುವಾಗ F ಕಾಲಂ ಕೂಡಬೇಡಿ. 3, 3, 2, 0 ಕೂಡಿದರೆ 8 ಆಗುತ್ತದೆ, ಆದರೆ ಘಟಕದಿಂದ ಹೊರಟ ಮಾಲು ನಾಲ್ಕೇ ಬಗೆ. ಹಪ್ಪಳ ಮೂರೂರಿನಲ್ಲಿ ಮಾರಾಟವಾಗಿದೆ, ಕೂಡಿದಾಗ ಅದು ಮೂರು ಸಲ ಸೇರುತ್ತದೆ. ಒಟ್ಟಿನ ಸಾಲಿಗೆ ಊರಿನ ಷರತ್ತಿಲ್ಲದ ಬೇರೆ ಸೂತ್ರವನ್ನೇ ಬರೆಯಿರಿ.

```
=ROWS(UNIQUE($B$2:$B$13))
```

ಇದರ ಉತ್ತರ 4. ಮೇಲಿನ ಸಂಖ್ಯೆಗಳ ಮೊತ್ತಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ವರದಿಯಲ್ಲೇ ಒಂದು ಸಾಲು ಬರೆದಿಡಿ, ಓದುವವರು ಖಂಡಿತ ಕೂಡಿ ನೋಡುತ್ತಾರೆ.