ಓವರ್‌ಲೇಕ್‌ನ ಚಳಿಯಲ್ಲಿ ಉಬ್ಬಿದ ಖಾರಾ ಬನ್

ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರಾ ಬನ್ ತಿಂದು ಬೆಳೆದವರಿಗೆ ಸಿಯಾಟಲ್ ಸಮೀಪದ ನಮ್ಮ ಓವರ್‌ಲೇಕ್‌ನಲ್ಲಿ ಬ್ರೆಡ್ಡಿಗೇನೂ ಕೊರತೆಯಿಲ್ಲ. ಆದರೆ ಆ ರುಚಿ ಬೇಕಾದರೆ ಮನೆಯಲ್ಲೇ ಮಾಡಿಕೊಳ್ಳಬೇಕು. ಹಾಗೆ ಮಾಡಹೊರಟ ಅನೇಕರಿಗೆ ಇಲ್ಲಿಯ ಮೊದಲ ಚಳಿಗಾಲದಲ್ಲಿ ಕಲ್ಲಿನಂತಹ ಬನ್ ದೊರೆಯುತ್ತದೆ. ಊರಿನಲ್ಲಿ ಗಂಟೆಯೊಳಗೆ ಉಬ್ಬುವ ಹಿಟ್ಟು ಇಲ್ಲಿ ಏಕೆ ಉಬ್ಬುವುದಿಲ್ಲ?

ಕಳೆದ ಡಿಸೆಂಬರಿನಲ್ಲಿ ನೆರೆಮನೆಗೆ ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಇದೇ ಪ್ರಶ್ನೆಯೊಂದಿಗೆ ನನ್ನನ್ನು ಕರೆದರು. "ಒಂದು ಗಂಟೆ ಆಯ್ತಮ್ಮ, ಹಿಟ್ಟು ಹಾಗೇ ಕೂತಿದೆ. ಇಲ್ಲಿಯ ಈಸ್ಟ್ ಸತ್ತುಹೋಗಿದೆಯೇನೋ ನೋಡು" ಎಂದರು. ಅದೇ ಡಬ್ಬಿಯ ಈಸ್ಟನ್ನು ಒಂದು ಚಮಚದಷ್ಟು ತೆಗೆದು, ಚಿಟಿಕೆ ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿಗೆ ಹಾಕಿದೆವು. ಹತ್ತು ನಿಮಿಷದಲ್ಲಿ ನೊರೆ ಎದ್ದಿತು. ಈಸ್ಟ್ ಜೀವಂತವಾಗಿಯೇ ಇತ್ತು. ಬಳಿಕ ಹಿಟ್ಟಿನೊಳಗೆ ಥರ್ಮಾಮೀಟರ್ ಚುಚ್ಚಿದಾಗ ಕಾರಣ ತಿಳಿಯಿತು: 62 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 17 ಡಿಗ್ರಿ ಸೆಲ್ಸಿಯಸ್. ಹಗಲಲ್ಲಿ ಹೀಟರ್ ತಗ್ಗಿಸಿದ್ದ ಮನೆ, ನಲ್ಲಿಯ ತಣ್ಣೀರು, ತಣ್ಣನೆಯ ಹಿಟ್ಟು, ಎಲ್ಲವೂ ಸೇರಿ ಈಸ್ಟನ್ನು ಅರೆನಿದ್ರೆಗೆ ತಳ್ಳಿದ್ದವು.

ಈಸ್ಟ್ ಎಂಬುದು ಏಕಕೋಶದ ಶಿಲೀಂಧ್ರ. ಅದು ಹಿಟ್ಟಿನಲ್ಲಿರುವ ಸಕ್ಕರೆಯನ್ನು ಉಂಡು ಇಂಗಾಲದ ಡೈಆಕ್ಸೈಡನ್ನೂ ಅಲ್ಪ ಮದ್ಯಸಾರವನ್ನೂ ಹೊರಬಿಡುತ್ತದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕೆಲಸ ಚುರುಕಾಗಿ ನಡೆಯುತ್ತದೆ. ಹತ್ತು ಡಿಗ್ರಿ ಇಳಿದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 60 ಡಿಗ್ರಿಯ ಹೊತ್ತಿಗೆ ಈಸ್ಟ್ ಸಾಯುತ್ತದೆ. ಆದ್ದರಿಂದ ಕೊತಕೊತ ಕುದಿದ ನೀರು ತಣ್ಣೀರಿಗಿಂತ ಅಪಾಯಕಾರಿ: ತಣ್ಣೀರು ತಡಮಾಡುತ್ತದೆ, ಕುದಿನೀರು ಕೊಲ್ಲುತ್ತದೆ.

ಆದರೆ ಈಸ್ಟ್ ಹೊಸ ಗುಳ್ಳೆಗಳನ್ನು ಸೃಷ್ಟಿಸುವುದಿಲ್ಲವೆಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ನಾದುವಾಗ ಹಿಟ್ಟಿನೊಳಗೆ ಸಿಲುಕುವ ಗಾಳಿಯ ಸೂಕ್ಷ್ಮ ಗುಳ್ಳೆಗಳೇ ಬೀಜಗಳು. ಈಸ್ಟ್ ಬಿಟ್ಟ ಅನಿಲ ಅವುಗಳೊಳಗೆ ಸೇರಿ ಅವನ್ನು ಹಿಗ್ಗಿಸುತ್ತದೆ. ಹಿಗ್ಗಿದ ಗುಳ್ಳೆ ಒಡೆಯದಿರಲು ಗೋಡೆ ಬೇಕು. ಗೋಧಿಯ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದಿದಂತೆಲ್ಲ ಹೆಣೆದುಕೊಂಡು ಗ್ಲುಟೆನ್ ಎಂಬ ಹಿಗ್ಗುವ ಬಲೆಯಾಗುತ್ತವೆ. ನಾದುವುದು ಸಾಲದಿದ್ದರೆ ಗೋಡೆ ಹರಿದು ಅನಿಲ ಸೋರುತ್ತದೆ. ಬನ್ ಗಟ್ಟಿಯಾಗಿ, ಒತ್ತಾಗಿ ಬೇಯುತ್ತದೆ. ಚೂರು ಹಿಟ್ಟನ್ನು ಬೆರಳುಗಳಿಂದ ಮೆಲ್ಲನೆ ಎಳೆದಾಗ ಹರಿಯದೆ, ಬೆಳಕು ತೂರುವಷ್ಟು ತೆಳುವಾದ ಪೊರೆಯಾದರೆ ನಾದಿದ್ದು ಸಾಕು. ಕೈಯಿಂದಾದರೆ ಇದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಚಪಾತಿ ಹಿಟ್ಟಿನಲ್ಲಿರುವ ತೌಡು ಈ ಪೊರೆಯನ್ನು ಕತ್ತರಿಸುವುದರಿಂದ ಅದರ ಬನ್ ಅಷ್ಟು ಹಗುರಾಗದು. ಇಲ್ಲಿ 'ಬ್ರೆಡ್ ಫ್ಲೋರ್' ಎಂದು ಮಾರುವ, ಪ್ರೋಟೀನ್ ಹೆಚ್ಚಿರುವ ಹಿಟ್ಟು ಉತ್ತಮ.

ಮರುದಿನ ಮತ್ತೊಮ್ಮೆ ಆರಂಭಿಸಿದೆವು: ಬ್ರೆಡ್ ಫ್ಲೋರ್ 500 ಗ್ರಾಂ, 38 ಡಿಗ್ರಿ ಸೆಲ್ಸಿಯಸ್‌ನ ನೀರು 310 ಮಿಲಿ, ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 20 ಗ್ರಾಂ. ಬೆಣ್ಣೆ ಬಲೆಯ ಹೆಣಿಗೆಗೆ ಅಡ್ಡಬರುವುದರಿಂದ, ಅದರ 40 ಗ್ರಾಮನ್ನು ಅರ್ಧ ನಾದಿದ ಮೇಲೆ ಸೇರಿಸಿದೆವು. ಹಿಟ್ಟು ತಣ್ಣಗಿದ್ದರೂ ಬೆಚ್ಚಗಿನ ನೀರಿನಿಂದ ಕಣಕ 27 ಡಿಗ್ರಿಗೆ ಬಂದಿತು. ಪಾತ್ರೆಯನ್ನು ಮುಚ್ಚಿ, ಉರಿಸದ ಓವೆನ್ನಿನೊಳಗೆ ದೀಪವನ್ನಷ್ಟೇ ಹಾಕಿ ಇಟ್ಟೆವು. ಇಲ್ಲಿಯ ಕನ್ನಡದ ಮನೆಗಳಲ್ಲಿ ಇಡ್ಲಿ ಹಿಟ್ಟು ಹುದುಗುವುದೂ ಹೀಗೆಯೇ. ಯಾರೂ ಮರೆತು ಓವೆನ್ ಹೊತ್ತಿಸದಂತೆ ಅದರ ಗುಂಡಿಯ ಮೇಲೆ ಚೀಟಿ ಅಂಟಿಸುವುದು ಒಳಿತು.

ಗಂಟೆಗೆ ಸ್ವಲ್ಪ ಮೀರಿ ಕಣಕ ಎರಡರಷ್ಟಾಯಿತು. ಈರುಳ್ಳಿಯ ನೀರು ಮೊದಲೇ ಇಳಿದು ಕಣಕ ಸಡಿಲವಾಗದಿರಲೆಂದು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಆಗ ಬೆರೆಸಿ ಉಂಡೆ ಕಟ್ಟಿದೆವು. ಎರಡನೆಯ ಉಬ್ಬುವಿಕೆಗೆ ಗಡಿಯಾರವಲ್ಲ, ಬೆರಳೇ ಸಾಕ್ಷಿ. ಒತ್ತಿದ ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು. ಮೆಲ್ಲನೆ ಅರ್ಧ ತುಂಬಿದರೆ ಬೇಯಿಸಬಹುದು. ಗುಳಿ ಹಾಗೆಯೇ ಉಳಿದು ಮದ್ಯದ ವಾಸನೆ ಬಂದರೆ ಗೋಡೆಗಳು ಸೋತಿವೆ, ಓವೆನ್ನಿನಲ್ಲಿ ಬನ್ ಕುಸಿಯುತ್ತದೆ.

190 ಡಿಗ್ರಿಯ ಓವೆನ್ನಿನಲ್ಲಿ ಮೊದಲ ನಿಮಿಷಗಳಲ್ಲಿ ಅನಿಲ ಹಿಗ್ಗಿ ಬನ್ ಇನ್ನಷ್ಟು ಎದ್ದಿತು. ಬಳಿಕ ಪಿಷ್ಟವೂ ಗ್ಲುಟೆನ್ನೂ ಗಟ್ಟಿಗೊಂಡು ಆ ಆಕಾರವೇ ನಿಂತಿತು. ಇಪ್ಪತ್ತು ನಿಮಿಷಕ್ಕೆ ಹೊಂಬಣ್ಣದ ಬನ್ನುಗಳು ಹೊರಬಂದವು. ಒಂದನ್ನು ಮುರಿದು ನೋಡಿದ ಹಿರಿಯರು, "ಈಸ್ಟಿನ ತಪ್ಪಲ್ಲ, ಅದಕ್ಕೂ ಚಳಿಯಾಗಿತ್ತು" ಎಂದು ನಕ್ಕರು.

ಬೆಚ್ಚಗಿನ ಮೂಲೆ ಸಿಗದವರು ಚಳಿಯನ್ನೇ ಬಳಸಿಕೊಳ್ಳಬಹುದು. ಈಸ್ಟನ್ನು ಅರ್ಧಕ್ಕಿಳಿಸಿ, ನಾದಿದ ಕಣಕವನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಅದು ಬೆಳಗಿನವರೆಗೆ ನಿಧಾನವಾಗಿ ಉಬ್ಬುತ್ತದೆ, ರುಚಿಯೂ ಹೆಚ್ಚುತ್ತದೆ. ಊರಿನಿಂದ ಅಡುಗೆಯ ಚೀಟಿ ತರುವವರು ಅದರಲ್ಲಿ 'ಒಂದು ಗಂಟೆ' ಎಂದಿರುವಲ್ಲಿ 'ಎರಡರಷ್ಟಾಗುವವರೆಗೆ' ಎಂದು ತಿದ್ದಿಕೊಂಡು ಬರಲಿ.