20ಕ್ಕೆ 11 ಯಾಕೆ ಬಂತು, ಮೇಡಂ?

ಆಂತರಿಕ ಮೌಲ್ಯಮಾಪನದ ಅಂಕಗಳು ನೋಟಿಸ್ ಬೋರ್ಡಿಗೆ ಬಿದ್ದ ಮರುದಿನ ಅಧ್ಯಾಪಕರ ಕೈಗೆ ಬರುವ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ: ‘ನಾನು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ಎಂಟು ಪುಟ ಬರೆದಿದ್ದೇನೆ. ಐದು ಪುಟ ಬರೆದ ಗೆಳೆಯನಿಗೆ 15 ಬಂದಿದೆ. ನನಗೆ ಯಾಕೆ 11?’

‘ಉತ್ತರ ಇನ್ನೂ ಆಳವಾಗಿರಬೇಕಿತ್ತು’ ಎಂದು ಬರೆದು ಕಳಿಸಿದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಉತ್ತರ ಸಿಗಬೇಕಾದದ್ದು ರೂಬ್ರಿಕ್‌ನಲ್ಲಿ. ಯಾವ ಗುಣಕ್ಕೆ ಎಷ್ಟು ಅಂಕ, ಯಾವ ಮಟ್ಟಕ್ಕೆ ಎಷ್ಟು ಎಂದು ಮೊದಲೇ ಬರೆದಿಟ್ಟ ಪಟ್ಟಿ ಅದು.

ಬಿ.ಎ. ಇತಿಹಾಸದ ಒಂದು ಅಸೈನ್‌ಮೆಂಟನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರಶ್ನೆ: ಕನ್ನಂಬಾಡಿ ಅಣೆಕಟ್ಟೆಯಿಂದ ಮಂಡ್ಯ ಸೀಮೆಯ ಬೇಸಾಯ ಹೇಗೆ ಬದಲಾಯಿತು? ಮಾನದಂಡಗಳು ನಾಲ್ಕು, ಒಂದೊಂದಕ್ಕೆ 5 ಅಂಕ: ಪ್ರಶ್ನೆಗೆ ಉತ್ತರ, ಆಧಾರ, ವಿಶ್ಲೇಷಣೆ, ಭಾಷೆ. ನಮ್ಮ ವಿದ್ಯಾರ್ಥಿಗೆ ಬಂದದ್ದು 2, 3, 2, 4.

ಪತ್ರಕ್ಕೆ ಕೈಹಾಕುವ ಮೊದಲು ಹಳೆಯ ಅಂಕಗಳನ್ನು ಮುಚ್ಚಿಟ್ಟು, ರೂಬ್ರಿಕ್ ಪಕ್ಕದಲ್ಲಿಟ್ಟುಕೊಂಡು ಇಡೀ ಬರಹವನ್ನು ಹೊಸದಾಗಿ ಓದಬೇಕು. ಅಂಕ ಏರಿದರೆ ಪತ್ರದ ಮೊದಲ ಸಾಲಿನಲ್ಲೇ ಅದನ್ನು ಹೇಳಬೇಕು. ಏರದಿದ್ದರೆ ಒಂದೊಂದೇ ಮಾನದಂಡ ಹಿಡಿದು ಹೊರಡಬೇಕು. ರೂಬ್ರಿಕ್‌ನ ಮಾತು, ವಿದ್ಯಾರ್ಥಿಯದೇ ಸಾಲು, ಮುಂದಿನ ಮಟ್ಟಕ್ಕೆ ಏನು ಬೇಕಿತ್ತು ಎಂಬುದು, ಈ ಮೂರೂ ಇದ್ದರೆ ಸಾಕು:

‘ಪ್ರಶ್ನೆಗೆ ಉತ್ತರ ಎಂಬಲ್ಲಿ 2 ಕೊಟ್ಟಿದ್ದೇನೆ. 3 ಬರಲು “ಬರಹದ ಹೆಚ್ಚಿನ ಭಾಗ ಕೇಳಿದ ಪ್ರಶ್ನೆಯ ಮೇಲಿರಬೇಕು” ಎಂದಿದೆ. ನಿನ್ನ ಮೊದಲ ಐದು ಪುಟ ವಿಶ್ವೇಶ್ವರಯ್ಯನವರ ಜೀವನ ಮತ್ತು 1911ರಲ್ಲಿ ಶುರುವಾದ ಕಟ್ಟೆ ಕೆಲಸಕ್ಕೆ ಹೋಗಿವೆ. ಅಲ್ಲಿ ಬರೆದದ್ದು ತಪ್ಪಲ್ಲ, ಆದರೆ ಕೇಳಿದ್ದು ಬೇಸಾಯದ ಬಗ್ಗೆ.’

ಆಧಾರ ಮತ್ತು ಭಾಷೆಗೆ ಎರಡೆರಡು ಸಾಲು ಸಾಕು. ಕಾರ್ಖಾನೆಯ ವರ್ಷಕ್ಕೆ ಪುಸ್ತಕದ ಹೆಸರು ಕೊಟ್ಟಿದ್ದಾನೆ, ಬೆಳೆ ಬದಲಾದದ್ದಕ್ಕೆ ಕೊಟ್ಟಿಲ್ಲ, ಹಾಗಾಗಿ 3. ಭಾಷೆ ತಿಳಿಯಾಗಿದೆ, ಪ್ಯಾರಾಗಳು ಮಾತ್ರ ವಿಪರೀತ ಉದ್ದ, ಹಾಗಾಗಿ 4.

ವಿಶ್ಲೇಷಣೆಯ ವಿಷಯ ಬೇರೆ. ಹೆಚ್ಚಿನ ಜಗಳ ಇಲ್ಲೇ ಹುಟ್ಟುತ್ತದೆ, ಏಕೆಂದರೆ ಸರಿಯಾದ ಮಾಹಿತಿ ಕೊಟ್ಟರೆ ಅದೇ ವಿಶ್ಲೇಷಣೆ ಎಂದು ಮಕ್ಕಳು ನಂಬಿರುತ್ತಾರೆ. ಇಲ್ಲಿ ಪತ್ರ ನಿಧಾನವಾಗಿ ಸಾಗಬೇಕು:

‘“ಕಾರಣಕ್ಕೂ ಪರಿಣಾಮಕ್ಕೂ ಇರುವ ಸಂಬಂಧವನ್ನು ಒಂದು ಕಡೆಯಾದರೂ ತೋರಿಸಿದೆ” ಎಂಬುದಕ್ಕೆ 3 ಅಂಕ. ಆರನೇ ಪುಟದಲ್ಲಿ ನಾಲೆಯ ನೀರು ಬಂತು, ರೈತರು ಕಬ್ಬು ಹಾಕಿದರು ಎಂದಿದ್ದೀಯ. ಏಳನೇ ಪುಟದಲ್ಲಿ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು ಎಂದಿದ್ದೀಯ. ಎರಡೂ ನಿಜ, ಆದರೆ ಬೇರೆ ಬೇರೆಯಾಗಿಯೇ ಉಳಿದಿವೆ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಅದರ ಸಕ್ಕರೆ ಅಂಶ ಇಳಿಯುತ್ತದೆ. ನೀರಿನ ಜೊತೆಗೆ ಹತ್ತಿರದಲ್ಲೇ ಕಾರ್ಖಾನೆಯೂ ಬಂದದ್ದರಿಂದ ರೈತನಿಗೆ ಕಬ್ಬು ಹಾಕುವ ಧೈರ್ಯ ಬಂತು ಎಂದು ಒಂದು ಸಾಲು ಬರೆದಿದ್ದರೆ 3 ಕೊಡುತ್ತಿದ್ದೆ. 4ಕ್ಕೆ ಹೋಲಿಕೆ ಬೇಕು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್ಸ್ಟೈನ್ ಇದೇ ಮಂಡ್ಯದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ಅಂಥ ಹೋಲಿಕೆ ಇದ್ದಾಗ ಬದಲಾವಣೆಯಲ್ಲಿ ನೀರಿನ ಪಾಲೆಷ್ಟು ಎಂದು ವಾದಿಸಬಹುದು.’

ಗೆಳೆಯನ 15ರ ಬಗ್ಗೆ ಪತ್ರದಲ್ಲಿ ಚರ್ಚೆ ಬೇಡ. ಒಬ್ಬರ ಉತ್ತರವನ್ನು ಇನ್ನೊಬ್ಬರ ಮುಂದೆ ಬಿಚ್ಚುವುದು ಸರಿಯಲ್ಲ. ಪುಟಗಳ ಸಂಖ್ಯೆ ರೂಬ್ರಿಕ್‌ನಲ್ಲೇ ಇಲ್ಲ, ಅಷ್ಟನ್ನು ಹೇಳಿದರೆ ಆಯಿತು. ಅಧ್ಯಾಪಕರಿಗೂ ಇದೇ ಕಟ್ಟು ಅನ್ವಯಿಸುತ್ತದೆ. ಅಕ್ಷರ ದುಂಡಾಗಿಲ್ಲ, ಕ್ಲಾಸಿಗೆ ತಡವಾಗಿ ಬರುತ್ತೀಯ ಎಂಬಂಥ ಹೊಸ ಕಾರಣ ಪತ್ರದಲ್ಲಿ ನುಸುಳಿದರೆ, ಮೊದಲು ಕೊಟ್ಟ ಅಂಕದ ಮೇಲೂ ಅನುಮಾನ ಬರುತ್ತದೆ, ಬರಬೇಕಾದದ್ದೇ.

ರೂಬ್ರಿಕ್ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ‘ಹೆಚ್ಚಿನ ಭಾಗ’ ಎಂದರೆ ಎಷ್ಟು ಎಂಬಲ್ಲಿ ಇಬ್ಬರು ಅಧ್ಯಾಪಕರು 2 ಮತ್ತು 3ರ ನಡುವೆ ಬೇರೆಯಾಗಬಹುದು. ‘ಉತ್ತಮ’, ‘ಸಾಧಾರಣ’ ಎಂದಷ್ಟೇ ಬರೆದ ರೂಬ್ರಿಕ್ ಆದರಂತೂ ವಿವರಿಸಲು ಅದರಲ್ಲಿ ಏನೂ ಇರುವುದಿಲ್ಲ. ಪತ್ರ ಓದಿದ ಮೇಲೂ ಒಪ್ಪಿಗೆಯಾಗದಿದ್ದರೆ, ಹಾಕಿದ ಅಂಕ ಕಾಣದಂತೆ ಮಾಡಿ ಇನ್ನೊಬ್ಬ ಅಧ್ಯಾಪಕರಿಂದ ಓದಿಸುವುದು ನ್ಯಾಯ. ವಿಭಾಗದ ಮುಖ್ಯಸ್ಥರನ್ನು ಹೀಗೆ ಕೇಳಿಕೊಳ್ಳಬಹುದು ಎಂದು ಪತ್ರದಲ್ಲೇ ತಿಳಿಸಬೇಕು.

ವಿದ್ಯಾರ್ಥಿಗಳೂ ಒಂದು ಕೆಲಸ ಮಾಡಿ. ಮುಂದಿನ ಸಲ ಅಂಕ ಪ್ರಶ್ನಿಸುವಾಗ ‘ಯಾಕೆ 11?’ ಎನ್ನುವ ಬದಲು, ಯಾವ ಮಾನದಂಡದಲ್ಲಿ, ನಿಮ್ಮ ಯಾವ ಪುಟದ ಯಾವ ಸಾಲಿಗೆ ಹೆಚ್ಚು ಅಂಕ ಸಲ್ಲಬೇಕು ಎಂದು ಬರೆಯಿರಿ.