ಮೊದಲು ಆರ್‌ಪಿಎಂ ಮುಳ್ಳು ನೋಡಿ

ವಿದೇಶಕ್ಕೆ ಹೋದವರು ಅಲ್ಲಿ ಬಾಡಿಗೆ ಕಾರು ಪಡೆದು ತಾವೇ ಓಡಿಸುವುದು ಈಗ ಮಾಮೂಲು. ಹಾಗೆ ಹೋದವರಿಂದ ಊರಿನಲ್ಲಿರುವ ಭಾವನಿಗೋ ಗೆಳೆಯನಿಗೋ ಬೆಳಗಿನ ಹೊತ್ತು ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುವುದೂ ಅಷ್ಟೇ ಮಾಮೂಲು. ಡ್ಯಾಶ್‌ಬೋರ್ಡಿನ ತುಂಬ ಕೆಂಪು, ಹಳದಿ ದೀಪಗಳು. ನಡುವಿನ ಪರದೆಯಲ್ಲಿ ಓದಲು ಬಾರದ ಭಾಷೆಯ ಎರಡು ಸಾಲು. ಕೆಳಗೆ ಪ್ರಶ್ನೆ: ‘ಇದೇನು? ಓಡಿಸಬಹುದಾ?’

ಇಂಥ ಫೋಟೊ ಒಂದನ್ನು ಎದುರಿಗಿಟ್ಟುಕೊಂಡು ನೋಡೋಣ. ಬೆಂಗಳೂರಿನ ದಂಪತಿ ಜರ್ಮನಿಯ ಮ್ಯೂನಿಕ್‌ನಲ್ಲಿ ಡೀಸೆಲ್ ಕಾರು ಬಾಡಿಗೆಗೆ ಪಡೆದು, ಗಡಿ ದಾಟಿ ಆಸ್ಟ್ರಿಯಾದ ಹಾಲ್‌ಸ್ಟಾಟ್ ಬಳಿಯ ಹಳ್ಳಿಯಲ್ಲಿ ರಾತ್ರಿ ತಂಗಿದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ ಹೊರಡುವಾಗ ತೆಗೆದ ಫೋಟೊದಲ್ಲಿ ಕಾಣುವುದು ಇಷ್ಟು: ಕೆಂಪು ಎಣ್ಣೆ ಕುಡಿಕೆ, ಕೆಂಪು ಬ್ಯಾಟರಿ, ವೃತ್ತದೊಳಗೆ ಕೆಂಪು P, ಹಳದಿ ಎಂಜಿನ್, ಕುದುರೆ ಲಾಳದಂಥ ಆಕಾರದೊಳಗೆ ಹಳದಿ ಆಶ್ಚರ್ಯಸೂಚಕ ಚಿಹ್ನೆ, ಹೊರಗಿನ ಉಷ್ಣಾಂಶ 3 ಡಿಗ್ರಿ, ಅದರ ಪಕ್ಕ ಹಿಮದ ಹರಳು. ಪರದೆಯ ನಡುವೆ “AdBlue nachfüllen! Kein Start in 900 km!” ಎಂಬ ಬರಹ.

ಗಾಬರಿಯಾಗುವುದು ಕೆಂಪು ದೀಪಗಳನ್ನು ಕಂಡು. ಆದರೆ ಫೋಟೊ ಓದುವವರು ದೀಪಗಳಿಂದ ಶುರುಮಾಡಬಾರದು. ಮೊದಲು ಆರ್‌ಪಿಎಂ ಮುಳ್ಳು ಎಲ್ಲಿದೆ ನೋಡಬೇಕು. ಈ ಫೋಟೊದಲ್ಲಿ ಅದು ಸೊನ್ನೆಯಲ್ಲಿದೆ, ಅಂದರೆ ಇಗ್ನಿಷನ್ ಆನ್ ಆಗಿದೆ, ಎಂಜಿನ್ ಇನ್ನೂ ಸ್ಟಾರ್ಟ್ ಆಗಿಲ್ಲ. ಎಂಜಿನ್ ತಿರುಗದಿದ್ದಾಗ ಆಯಿಲ್ ಪಂಪು ಒತ್ತಡ ಹುಟ್ಟಿಸುವುದಿಲ್ಲ, ಆಲ್ಟರ್ನೇಟರ್ ಕರೆಂಟು ಕೊಡುವುದಿಲ್ಲ. ಆಗ ಎಣ್ಣೆ ಮತ್ತು ಬ್ಯಾಟರಿ ದೀಪಗಳು ಉರಿಯಲೇಬೇಕು. ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳನ್ನೂ ಕಾರಿನ ಕಂಪ್ಯೂಟರು ಇಗ್ನಿಷನ್ ಹಾಕಿದೊಡನೆ ಒಮ್ಮೆ ಹೊತ್ತಿಸಿ ತೋರಿಸುತ್ತದೆ. ದೀಪವೇ ಕೆಟ್ಟಿದ್ದರೆ ಎಚ್ಚರಿಕೆ ಕಾಣುವುದಾದರೂ ಹೇಗೆ? ಹಾಗಾಗಿ ಸೊನ್ನೆ ಆರ್‌ಪಿಎಂನ ಫೋಟೊದಲ್ಲಿ ಏಳೆಂಟು ದೀಪ ಉರಿಯುತ್ತಿದ್ದರೆ ಅದು ರೋಗಪಟ್ಟಿಯಲ್ಲ, ಹಾಜರಿ ಪಟ್ಟಿ.

ಒಂದು ಗೊಂದಲವಿದೆ. ಈಗಿನ ಬಹಳಷ್ಟು ಕಾರುಗಳು ಸಿಗ್ನಲ್‌ನಲ್ಲಿ ನಿಂತಾಗ ತಾವೇ ಎಂಜಿನ್ ನಿಲ್ಲಿಸಿಕೊಳ್ಳುತ್ತವೆ. ಆಗಲೂ ಎಂಜಿನ್ ತಿರುಗುತ್ತಿರುವುದಿಲ್ಲ. ಸಾಮಾನ್ಯವಾಗಿ ಪರದೆಯಲ್ಲಿ ವೃತ್ತದೊಳಗೆ A ಅಕ್ಷರ ಇರುತ್ತದೆ, ಇಲ್ಲವೇ ಮುಳ್ಳು READY ಎಂಬಲ್ಲಿ ನಿಂತಿರುತ್ತದೆ.

ಆದ್ದರಿಂದ ಊರಿನಿಂದ ಕೊಡಬೇಕಾದ ಮೊದಲ ಉತ್ತರ: ‘ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು ಫೋಟೊ ಕಳಿಸಿ.’ ಚಳಿಯ ಬೆಳಿಗ್ಗೆ ಡೀಸೆಲ್ ಕಾರಿನಲ್ಲಿ ಸುರುಳಿ ಆಕಾರದ ಹಳದಿ ದೀಪವೂ ಕಾಣಬಹುದು. ಅದು ಎಂಜಿನ್ ಒಳಗನ್ನು ಬೆಚ್ಚಗೆ ಮಾಡುವ ಗ್ಲೋ ಪ್ಲಗ್‌ನದು, ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ಫೋಟೊಗಿಂತ ವಿಡಿಯೊ ಇನ್ನೂ ಒಳ್ಳೆಯದು. ಇಗ್ನಿಷನ್ ಹಾಕುವ ಮುಂಚಿನಿಂದ ಎಂಜಿನ್ ಓಡುವವರೆಗೆ ಅರ್ಧ ನಿಮಿಷ ತೆಗೆದರೆ ಸಾಕು. ದೀಪ ಮಿನುಗುತ್ತಿದೆಯೋ ಸ್ಥಿರವಾಗಿ ಉರಿಯುತ್ತಿದೆಯೋ ಎಂಬುದು ಫೋಟೊದಲ್ಲಿ ಸಿಗದು, ಎಷ್ಟೋ ಸಲ ಉತ್ತರ ನಿಂತಿರುವುದು ಅದರ ಮೇಲೆಯೇ. ಹಳದಿ ಎಂಜಿನ್ ದೀಪ ಪೆಟ್ರೋಲ್ ಕಾರಿನಲ್ಲಿ ಸ್ಥಿರವಾಗಿದ್ದರೆ, ಕಾರು ಸರಿಯಾಗಿ ಓಡುತ್ತಿದ್ದರೆ, ಬಾಡಿಗೆ ಕಂಪನಿಗೆ ಫೋನ್ ಮಾಡುವವರೆಗೆ ನಿಧಾನವಾಗಿ ಹೋಗಬಹುದು. ಅದೇ ದೀಪ ಮಿನುಗುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಉರಿಯದ ಪೆಟ್ರೋಲು ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಸುಡುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಬೇಕು.

ಫೋಟೊ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಎಷ್ಟೋ ಕಾರುಗಳ ಎಲ್‌ಇಡಿ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ವೇಗದಲ್ಲಿ ಹತ್ತಿ ಆರುತ್ತಿರುತ್ತವೆ. ಆರಿದ ಕ್ಷಣದಲ್ಲೇ ಕ್ಯಾಮೆರಾ ಕ್ಲಿಕ್ಕಿಸಿದರೆ ಉರಿಯುವ ದೀಪ ಫೋಟೊದಲ್ಲಿ ಇರುವುದೇ ಇಲ್ಲ. ಕತ್ತಲಲ್ಲಿ ತೆಗೆದದ್ದಾದರೆ ಬೆಳಕು ಹರಡಿ ಕೆಂಪೂ ಹಳದಿಯೂ ಒಂದೇ ಆಗಿ ಕಾಣುತ್ತವೆ. ಬಣ್ಣ ಅನುಮಾನವಾದರೆ ಕೇಳಿಯೇ ತಿಳಿದುಕೊಳ್ಳಬೇಕು. ಕೆಂಪೆಂದರೆ ನಿಲ್ಲಿಸು, ಹಳದಿಯೆಂದರೆ ಬೇಗ ಗಮನಿಸು, ಹಸಿರೆಂದರೆ ಏನೋ ಚಾಲೂ ಇದೆ, ಹೆಡ್‌ಲೈಟಿನ ನೀಲಿಯೆಂದರೆ ಹೈ ಬೀಮ್. ಬಣ್ಣಗಳ ಈ ಕಟ್ಟಳೆ ಮತ್ತು ಚಿಹ್ನೆಗಳ ಆಕಾರ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿವೆ. ಭಾಷೆ ಬಾರದಿದ್ದರೂ ಚಿಹ್ನೆ ಓದಬಹುದು ಎನ್ನುವುದು ಅದರಿಂದಲೇ.

ಎರಡನೇ ಫೋಟೊ ಬಂತು ಎಂದುಕೊಳ್ಳೋಣ. ಮುಳ್ಳು 900ರ ಆಸುಪಾಸಿನಲ್ಲಿದೆ. ಎಣ್ಣೆ, ಬ್ಯಾಟರಿ, ಎಂಜಿನ್ ದೀಪಗಳು ಆರಿವೆ. ಕೆಂಪು P ಉಳಿದಿದೆ. ಹ್ಯಾಂಡ್‌ಬ್ರೇಕ್ ಹಾಕಿದೆ, ಅಷ್ಟೆ. ಹಿಮದ ಹರಳು ಕಾರಿನ ತೊಂದರೆಯಲ್ಲ, ರಸ್ತೆಯದು. ಹೊರಗಿನ ಉಷ್ಣಾಂಶ 4 ಡಿಗ್ರಿಯ ಆಸುಪಾಸಿಗೆ ಇಳಿದರೆ ಹಲವು ಕಾರುಗಳು ಅದನ್ನು ತೋರಿಸುತ್ತವೆ, ಸೇತುವೆ ಮೇಲೆ, ನೆರಳಿನಲ್ಲಿ ಮಂಜುಗಡ್ಡೆ ಇರಬಹುದು ಎಂದು. ಇನ್ನು ಉಳಿದದ್ದು ಲಾಳ ಮತ್ತು ಬರಹ.

ಲಾಳದಂಥದ್ದು ಟೈರನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಆಕಾರ. ಗಾಳಿ ಕಡಿಮೆಯಾಗಿದೆ ಎಂಬ ಸೂಚನೆ. 2014ರ ನವೆಂಬರ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಕಾರುಗಳೆಲ್ಲಕ್ಕೂ ಈ ವ್ಯವಸ್ಥೆ ಕಡ್ಡಾಯ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ, ನಮ್ಮ ಲೆಕ್ಕದಲ್ಲಿ ಒಂದೂವರೆ ಪಿಎಸ್‌ಐ. ವಿಮಾನ ನಿಲ್ದಾಣದ ಬೆಚ್ಚಗಿನ ನೆಲಮಾಳಿಗೆಯಲ್ಲಿ 18 ಡಿಗ್ರಿಯಲ್ಲಿದ್ದ ಕಾರು ಬೆಟ್ಟದ ಹಳ್ಳಿಯ 3 ಡಿಗ್ರಿಗೆ ಬಂದರೆ 0.15 ಬಾರ್ ಹೋಯಿತು. ಅಷ್ಟಕ್ಕೇ ದೀಪ ಹತ್ತುವುದು ಅಪರೂಪ, ಎಚ್ಚರಿಕೆಯ ಗೆರೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಮೊದಲೇ ಗಾಳಿ ಕಡಿಮೆಯಿದ್ದ ಟೈರನ್ನು ಚಳಿ ಆ ಗೆರೆ ದಾಟಿಸುತ್ತದೆ.

ಹೊರಡುವ ಮುಂಚೆ ಇಳಿದು ನಾಲ್ಕೂ ಟೈರುಗಳನ್ನು ಕಣ್ಣಿಂದ ನೋಡಬೇಕು. ಒಂದು ಚಪ್ಪಟೆಯಾಗಿದ್ದರೆ, ಮೊಳೆ ಚುಚ್ಚಿದ್ದರೆ, ಓಡಿಸುವ ಮಾತೇ ಇಲ್ಲ. ಅನೇಕ ಕಾರುಗಳಲ್ಲಿ ಸ್ಟೆಪ್ನಿಯೂ ಇರುವುದಿಲ್ಲ, ರಂಧ್ರ ಮುಚ್ಚುವ ದ್ರಾವಣದ ಬಾಟಲಿ ಮತ್ತು ಸಣ್ಣ ಪಂಪು ಮಾತ್ರ. ನೋಡಲು ನಾಲ್ಕೂ ಸಮವಾಗಿದ್ದರೆ ನಿಧಾನವಾಗಿ ಹತ್ತಿರದ ಪೆಟ್ರೋಲ್ ಬಂಕಿಗೆ ಹೋಗಬಹುದು. ಎಷ್ಟು ಗಾಳಿ ಬೇಕು ಎಂಬ ಸ್ಟಿಕ್ಕರು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಇಲ್ಲವೇ ಡೀಸೆಲ್ ಮುಚ್ಚಳದ ಒಳಮಗ್ಗುಲಲ್ಲಿ ಇರುತ್ತದೆ. ಅದರಲ್ಲಿ 2,4 ಎಂದು ಅಲ್ಪವಿರಾಮ ಹಾಕಿ ಬರೆದಿದ್ದರೆ ನಮ್ಮ 2.4 ಅದೇ, ಸುಮಾರು 35 ಪಿಎಸ್‌ಐ. ಲಗೇಜು ತುಂಬಿದ ಕಾರಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಹೆಚ್ಚು. ಅಲ್ಲಿ ಗಾಳಿ ಹಾಕಿಕೊಡಲು ಯಾರೂ ಬರುವುದಿಲ್ಲ. ಮೀಟರಿರುವ ಯಂತ್ರದಿಂದ ನಾವೇ ಹಾಕಿಕೊಳ್ಳಬೇಕು.

ಇಲ್ಲೊಂದು ಎಚ್ಚರ. ಪರದೆಯಲ್ಲಿ ಪ್ರತಿ ಚಕ್ರದ ಒತ್ತಡವೂ ಅಂಕಿಯಲ್ಲಿ ಬಂದರೆ ಚಕ್ರದೊಳಗೆ ಸೆನ್ಸರ್ ಇದೆ ಎಂದರ್ಥ, ಗಾಳಿ ಹಾಕಿ ಸ್ವಲ್ಪ ಓಡಿಸಿದರೆ ದೀಪ ತಾನೇ ಆರುತ್ತದೆ. ಅಂಕಿ ಬಾರದ ಕಾರುಗಳು ಹಲವು. ಅವಕ್ಕೆ ಒತ್ತಡ ಎಷ್ಟೆಂದೇ ಗೊತ್ತಿರುವುದಿಲ್ಲ. ಎಬಿಎಸ್‌ನ ಸೆನ್ಸರ್‌ಗಳಿಂದ ಚಕ್ರಗಳ ತಿರುಗುವ ವೇಗ ಹೋಲಿಸಿ, ಗಾಳಿ ಇಳಿದು ಚಿಕ್ಕದಾದ ಚಕ್ರ ಬೇಗ ತಿರುಗುವುದನ್ನು ಹಿಡಿಯುತ್ತವೆ. ಅಂಥ ಕಾರಿನಲ್ಲಿ ಗಾಳಿ ಹಾಕಿದ ಮೇಲೆ SET ಗುಂಡಿ ಒತ್ತಿಯೋ ಮೆನುವಿನಿಂದಲೋ ‘ಇದೇ ಸರಿ’ ಎಂದು ಕಲಿಸಬೇಕು. ದೀಪ ಕಿರಿಕಿರಿ ಎಂದು ಗಾಳಿ ಹಾಕದೆಯೇ SET ಒತ್ತಿದರೆ ಕಡಿಮೆ ಗಾಳಿಯನ್ನೇ ಸರಿಯೆಂದು ಅದು ಕಲಿತುಬಿಡುತ್ತದೆ. ನಿಮಗಿಂತ ಮುಂಚೆ ಕಾರು ಪಡೆದವರು ಹಾಗೆ ಮಾಡಿರಲಾರರು ಎಂದು ಯಾರೂ ಹೇಳಲಾರರು; ಕಾರು ಪಡೆದ ದಿನವೇ ಮೀಟರಿನಲ್ಲಿ ಒಮ್ಮೆ ನೋಡಿಕೊಳ್ಳುವುದು ಲೇಸು.

ಇನ್ನು ಬರಹ. ಕನ್ನಡಿಗರಿಗೆ ಹೊಸದಾಗಿ ಕಾಣುವುದು ಇದೇ. ಆಡ್‌ಬ್ಲೂ ಎಂಬುದು ಶೇ. 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ನಮ್ಮ ಲಾರಿಯವರು ಡಿಇಎಫ್ ಎನ್ನುವುದೂ ಇದನ್ನೇ. ಡೀಸೆಲ್ ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ಸಾರಜನಕ, ನೀರಾವಿಗಳನ್ನಾಗಿ ಮಾಡಲು ಇದನ್ನು ಹೊಗೆ ಕೊಳವೆಗೆ ಸಿಂಪಡಿಸುತ್ತಾರೆ. ದ್ರಾವಣ ಮುಗಿದರೆ ಹೊಗೆ ಶುದ್ಧವಾಗುವುದಿಲ್ಲ, ಆದ್ದರಿಂದ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಆಗಬಾರದು ಎಂಬುದು ಯುರೋಪಿನ ನಿಯಮ. ಪರದೆ ಹೇಳುತ್ತಿರುವುದು ಅದನ್ನೇ: ಆಡ್‌ಬ್ಲೂ ತುಂಬಿಸಿ, 900 ಕಿ.ಮೀ. ಆದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಓಡುತ್ತಿರುವ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುವುದಿಲ್ಲ. ಸೊನ್ನೆಯಾದ ಮೇಲೆ ಒಮ್ಮೆ ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ. ನಡುಪ್ರಯಾಣದಲ್ಲಿ ಕಾಫಿಗೆಂದು ನಿಲ್ಲಿಸಿದ ಜಾಗವೇ ಕೊನೆಯ ನಿಲ್ದಾಣವಾಗಬಹುದು.

900 ಸಾಕಲ್ಲವೇ? ದಂಪತಿಯ ಯೋಜನೆ ನೋಡಿ. ಹಾಲ್‌ಸ್ಟಾಟ್‌ನಿಂದ ವಿಯೆನ್ನಾಗೆ ಸುಮಾರು 300 ಕಿ.ಮೀ., ವಿಯೆನ್ನಾದಿಂದ ಮ್ಯೂನಿಕ್‌ಗೆ ಸುಮಾರು 430. ಒಟ್ಟು 730, ದಾರಿಯಲ್ಲಿ ಅಡ್ಡಾಡಿದ್ದು ಸೇರಿದರೆ ಬಹಳ ಉಳಿಯುವುದಿಲ್ಲ. ಜೊತೆಗೆ ಈ ಅಂಕಿ ಅಂದಾಜು, ಬೆಟ್ಟ ಹತ್ತಿದರೆ, ಜೋರಾಗಿ ಓಡಿಸಿದರೆ ಬೇಗ ಇಳಿಯುತ್ತದೆ. ಇವತ್ತೇ ತುಂಬಿಸುವುದು ಸರಿ. ಅದಕ್ಕೂ ಮುಂಚೆ ಬಾಡಿಗೆ ಕಂಪನಿಗೆ ಫೋನ್ ಮಾಡಿ ಖರ್ಚು ಯಾರದು ಎಂದು ಕೇಳಿಟ್ಟುಕೊಳ್ಳಬೇಕು, ಬಿಲ್ಲು ಬೇಕು.

ಬಂಕಿನಲ್ಲಿ ಆಡ್‌ಬ್ಲೂ ಕ್ಯಾನಿನಲ್ಲೂ ಸಿಗುತ್ತದೆ, ಕೆಲವೆಡೆ ಕಾರುಗಳಿಗೆಂದೇ ಪಂಪೂ ಇರುತ್ತದೆ. ಲಾರಿಗಳ ಪಂಪಿನ ರಭಸ ಹೆಚ್ಚು, ಕಾರಿಗೆ ಅದು ಬೇಡ. ಹಾಕುವ ಬಾಯಿ ಸಾಮಾನ್ಯವಾಗಿ ಡೀಸೆಲ್ ಬಾಯಿಯ ಪಕ್ಕದಲ್ಲೇ, ನೀಲಿ ಮುಚ್ಚಳದ್ದು. ದೊಡ್ಡ ಅನಾಹುತ ಆಗುವುದು ಇಲ್ಲಿಯೇ. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಇಗ್ನಿಷನ್ನನ್ನೂ ಮುಟ್ಟಬಾರದು. ಎಷ್ಟೋ ಕಾರುಗಳಲ್ಲಿ ಇಗ್ನಿಷನ್ ಹಾಕಿದೊಡನೆ ಇಂಧನ ಪಂಪು ತಿರುಗಿ ದ್ರಾವಣವನ್ನು ಇಂಜೆಕ್ಟರ್‌ವರೆಗೂ ಒಯ್ಯುತ್ತದೆ. ಟ್ಯಾಂಕ್ ಖಾಲಿ ಮಾಡಿಸುವುದರಲ್ಲಿ ಮುಗಿಯಬೇಕಾದ ಖರ್ಚು ಆಗ ಹಲವು ಪಟ್ಟಾಗುತ್ತದೆ. ಚೆಲ್ಲಿದ ಹನಿ ಒಣಗಿ ಬಿಳಿ ಹರಳಾಗುತ್ತದೆ, ನೀರಿನಿಂದ ತೊಳೆದರೆ ಹೋಗುತ್ತದೆ.

ಒಂದೆರಡು ಲೀಟರ್ ಹಾಕಿ ನೋಡೋಣ ಎನ್ನಬಾರದು. ಅಷ್ಟು ಕಡಿಮೆ ಬಿದ್ದರೆ ಅನೇಕ ಕಾರುಗಳ ಕಂಪ್ಯೂಟರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ಲೀಟರಿಗಿಂತ ಹೆಚ್ಚೇ ಹಾಕಿ, ಎಂಜಿನ್ ಹಚ್ಚದೆ ಇಗ್ನಿಷನ್ ಮಾತ್ರ ಅರ್ಧ ನಿಮಿಷದಷ್ಟು ಆನ್ ಇಟ್ಟು, ಆಮೇಲೆ ಸ್ಟಾರ್ಟ್ ಮಾಡಬೇಕು. ಬರಹ ತಕ್ಷಣ ಮಾಯವಾಗದಿದ್ದರೂ ಕೆಲವು ಕಿ.ಮೀ. ಓಡಿದ ಮೇಲೆ ಹೋಗುತ್ತದೆ. ಹೋಗದೆ, ಹಳದಿ ಎಂಜಿನ್ ದೀಪವೂ ಜೊತೆಗೂಡಿ, ಬರಹದಲ್ಲಿ Störung ಅಥವಾ Fehler ಎಂದು ಕಂಡರೆ ಕೆಟ್ಟಿರುವುದು ವ್ಯವಸ್ಥೆ. ಇನ್ನೆಷ್ಟು ಸುರಿದರೂ ಕಿ.ಮೀ. ಅಂಕಿ ಇಳಿಯುತ್ತಲೇ ಹೋಗುತ್ತದೆ. ಆಗ ಎಂಜಿನ್ ಓಡುತ್ತಿರುವಾಗಲೇ ಬರಹ, ಅಂಕಿ, ಓಡೋಮೀಟರು ಮೂರೂ ಕಾಣುವ ಹಾಗೆ ಫೋಟೊ ತೆಗೆದು ಕಂಪನಿಗೆ ಕಳಿಸಿ, ಅಂಕಿ ಸೊನ್ನೆಯಾಗುವ ಮುಂಚೆ ಬೇರೆ ಕಾರು ಕೇಳಬೇಕು.